ಆಫರ್ ಲೆಟರಿನ ಅರೇಬಿಕ್ ಮಗ್ಗುಲು

ದುಬೈ ಕಂಪನಿಯೊಂದರಿಂದ ಉಡುಪಿಗೋ ಭಟ್ಕಳಕ್ಕೋ ಕೆಲಸದ ಪತ್ರ ಬಂದರೆ ಮನೆಮಂದಿಯೆಲ್ಲ ಮೊದಲು ಹುಡುಕುವುದು ಒಂದೇ ಸಾಲನ್ನು: ತಿಂಗಳಿಗೆ ಎಷ್ಟು ದಿರ್ಹಮ್? ಅದು ಸಿಕ್ಕಿದ ಮೇಲೆ ರೂಪಾಯಿಗೆ ಗುಣಿಸಿ ನೋಡುತ್ತಾರೆ. ಉಳಿದ ಸಾಲುಗಳನ್ನು ಯಾರೂ ಅಷ್ಟಾಗಿ ಓದುವುದಿಲ್ಲ. ಹುಡುಗ ಸಹಿ ಹಾಕಬೇಕಾದ ಕಾಗದ ಸಾಮಾನ್ಯವಾಗಿ ಎರಡಿರುತ್ತದೆ. ಒಂದು, ಕಂಪನಿಯ ಲೆಟರ್‌ಹೆಡ್‌ನಲ್ಲಿ ಬಂದ ಇಂಗ್ಲಿಷ್ ಪತ್ರ. ಇನ್ನೊಂದು, ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯಲ್ಲಿರುವ ಆಫರ್. ಅದರಲ್ಲಿ ಒಂದು ಮಗ್ಗುಲಿಗೆ ಅರೇಬಿಕ್, ಇನ್ನೊಂದು ಮಗ್ಗುಲಿಗೆ ಇಂಗ್ಲಿಷ್. ಮೊದಲನೆಯದನ್ನು ಅರೇಬಿಕ್‌ಗೆ ತಂದು ಎರಡನೆಯದರ ಖಾನೆಗಳಲ್ಲಿ ಕೂರಿಸುವಾಗ ಏನಾಗುತ್ತದೆ ಎಂಬುದು ಏಳೆಂಟು ವರ್ಷದ ನಂತರ ಕೈಗೆ ಬರುವ ಹಣವನ್ನು ನಿರ್ಧರಿಸುತ್ತದೆ.

ಏಕೆಂದರೆ ಯುನೈಟೆಡ್ ಅರಬ್ ಎಮಿರೇಟ್ಸ್‌ನ ಕಾರ್ಮಿಕ ನ್ಯಾಯಾಲಯ ಕೆಲಸ ಮಾಡುವುದು ಅರೇಬಿಕ್‌ನಲ್ಲಿ. ಇಂಗ್ಲಿಷ್ ಪತ್ರವನ್ನು ಅಲ್ಲಿಗೆ ಒಯ್ಯಬೇಕಾದರೆ ಪರವಾನಗಿ ಪಡೆದ ಕಾನೂನು ಅನುವಾದಕರ ಮೊಹರು ಬೇಕು. ಎರಡು ಭಾಷೆಯ ಪಠ್ಯಗಳು ಹೊಂದದಿದ್ದರೆ ಅರೇಬಿಕ್ ಹೇಳಿದ್ದೇ ನಡೆಯುತ್ತದೆ. ದುಬೈಯ ಡಿಐಎಫ್‌ಸಿಯಂಥ ಹಣಕಾಸು ವಲಯಗಳಿಗೆ ಮಾತ್ರ ಬೇರೆಯೇ ಕಾನೂನಿದೆ. ನಮ್ಮ ಊರುಗಳಿಂದ ಅಂಗಡಿ, ಗೋದಾಮು, ಹೋಟೆಲು, ಲೆಕ್ಕಪತ್ರದ ಕೆಲಸಗಳಿಗೆ ಹೋಗುವ ಹೆಚ್ಚಿನವರು ಆ ವಲಯದ ಹೊರಗಿನವರು.

ಮಾತು ಗಾಳಿಯಲ್ಲಿ ಆಗದಿರಲೆಂದು ಒಂದು ಪತ್ರವನ್ನು ಕಲ್ಪಿಸಿಕೊಳ್ಳೋಣ. ಕುಂದಾಪುರದ ಕಡೆಯ ಬಿಕಾಂ ಪದವೀಧರನಿಗೆ ದುಬೈಯ ವ್ಯಾಪಾರಿ ಸಂಸ್ಥೆಯೊಂದು ಅಕೌಂಟ್ಸ್ ಕೆಲಸ ಕೊಟ್ಟಿದೆ. ಇಂಗ್ಲಿಷ್ ಪತ್ರದ ಪ್ರಕಾರ ವಸತಿ ಮತ್ತು ಓಡಾಟದ ಭತ್ಯೆ ಸೇರಿ ತಿಂಗಳಿಗೆ ಒಟ್ಟು 6,000 ದಿರ್ಹಮ್. ಪ್ರೊಬೇಷನ್ ಆರು ತಿಂಗಳು, ಕಂಪನಿ ಬಯಸಿದರೆ ಮುಂದುವರಿಸಬಹುದು. ಗ್ರಾಚುಟಿ ದೇಶದ ಕಾನೂನಿನಂತೆ. ಇಂಥ ಪತ್ರಗಳು ಹೀಗೇ ಇರುತ್ತವೆ. ಓದಲು ಏನೂ ತೊಡಕಿಲ್ಲ.

ಮೊದಲು ಪ್ರೊಬೇಷನ್ನನ್ನು ನೋಡೋಣ. ಅರೇಬಿಕ್‌ನಲ್ಲಿ ಅದಕ್ಕೆ ‘ಫತ್ರತ್ ಅತ್‌-ತಜ್ರಿಬಾ’ ಎನ್ನುತ್ತಾರೆ, ಪರೀಕ್ಷಾ ಅವಧಿ. ಪದ ಸಲೀಸಾಗಿ ಸಿಗುತ್ತದೆ; ತೊಡಕಿರುವುದು ‘ಮುಂದುವರಿಸಬಹುದು’ ಎಂಬ ಮಾತಿನಲ್ಲಿ. ನಮ್ಮ ದೇಶದ ಕಂಪನಿಗಳಲ್ಲಿ ಪ್ರೊಬೇಷನ್ನನ್ನು ಎಳೆಯುವುದು ರೂಢಿ. ಕನ್ಫರ್ಮೇಷನ್ ಪತ್ರ ಕೈಗೆ ಬರುವವರೆಗೂ ಕಾಯಂ ಆಗಿಲ್ಲ ಎಂದೇ ಲೆಕ್ಕ. ಭಾರತದಲ್ಲಿ ಪಳಗಿದ ಎಚ್‌ಆರ್‌ನವರು ಆ ವಾಕ್ಯವನ್ನು ಹಾಗೆಯೇ ದುಬೈ ಪತ್ರಕ್ಕೂ ಅಂಟಿಸುತ್ತಾರೆ. ಆದರೆ 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಅಲ್ಲಿನ ಕಾರ್ಮಿಕ ಕಾನೂನಿನಲ್ಲಿ ಪ್ರೊಬೇಷನ್ ಆರು ತಿಂಗಳಿಗಿಂತ ಒಂದು ದಿನವೂ ಹೆಚ್ಚಿರುವಂತಿಲ್ಲ. ಒಂದೇ ಮಾಲೀಕ ಒಬ್ಬನನ್ನು ಎರಡು ಸಲ ಪ್ರೊಬೇಷನ್‌ಗೆ ಹಾಕುವಂತೆಯೂ ಇಲ್ಲ.

ನಮ್ಮ ಹುಡುಗ ಜನವರಿ 1ಕ್ಕೆ ಸೇರಿದ ಅಂದುಕೊಳ್ಳಿ. ಜೂನ್ ಕೊನೆಯಲ್ಲಿ ಕಂಪನಿ ಇನ್ನೂ ಮೂರು ತಿಂಗಳು ಪ್ರೊಬೇಷನ್ ಎಂದು ಪತ್ರ ಕೊಟ್ಟಿತು. ಆಗಸ್ಟ್‌ನಲ್ಲಿ, 14 ದಿನದ ನೋಟಿಸ್ ಕೊಟ್ಟಿದ್ದೇವೆ, ಹೊರಡು ಎಂದಿತು. ಪ್ರೊಬೇಷನ್ನಿನಲ್ಲಿ ಇರುವವನನ್ನು ಕಳಿಸಲು 14 ದಿನದ ಲಿಖಿತ ನೋಟಿಸ್ ಸಾಕು ಎಂಬುದು ನಿಜ. ಆದರೆ ಆಗಸ್ಟ್‌ನಲ್ಲಿ ಅವನು ಪ್ರೊಬೇಷನ್ನಿನಲ್ಲಿ ಇಲ್ಲವೇ ಇಲ್ಲ. ಕಾನೂನಿನ ಕಣ್ಣಿಗೆ ಅವನು ಕಾಯಂ. ಕನಿಷ್ಠ 30 ದಿನದ ನೋಟಿಸ್ ಕೊಡಬೇಕು. ಆರು ತಿಂಗಳ ಆ ಅವಧಿ ಸೇವೆಯ ಲೆಕ್ಕಕ್ಕೂ ಸೇರುತ್ತದೆ. ಕಾಯಂ ಆದ ದಿನದಿಂದ ಸೇವೆ ಎಣಿಸುತ್ತೇವೆ ಎಂದು ಇಂಗ್ಲಿಷ್ ಪತ್ರ ಹೇಳಿದ್ದರೂ ಅದಕ್ಕೆ ಬೆಲೆಯಿಲ್ಲ.

ಪ್ರೊಬೇಷನ್ನಿನಲ್ಲಿ ಬಿಟ್ಟು ಹೋದರೆ ವೀಸಾ ಖರ್ಚು ಕಟ್ಟಿಕೊಡಬೇಕು ಎಂಬ ಸಾಲೂ ಹಲವು ಪತ್ರಗಳಲ್ಲಿ ಇರುತ್ತದೆ. ನೇಮಕಾತಿಯ ಖರ್ಚನ್ನು ನೌಕರನಿಂದ ನೇರವಾಗಿಯೂ ಸುತ್ತುಬಳಸಿಯೂ ವಸೂಲು ಮಾಡಬಾರದೆಂದು ಅಲ್ಲಿನ ಕಾನೂನು ಹೇಳುತ್ತದೆ. ಅವನು ಅದೇ ದೇಶದ ಇನ್ನೊಂದು ಕಂಪನಿಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ಹಳೆಯ ಕಂಪನಿಯ ಖರ್ಚು ತುಂಬಿಕೊಡಬೇಕಾದ್ದು ಹೊಸ ಕಂಪನಿ. ಇಲ್ಲಿ ಅನುವಾದಕನ ಇಕ್ಕಟ್ಟು ವಿಚಿತ್ರವಾದದ್ದು. ಕಾನೂನಿಗೆ ಹೊಂದದ ಸಾಲು ಎಂದು ಗೊತ್ತಿದ್ದರೂ ಅದನ್ನು ಬಿಟ್ಟುಬಿಡುವ ಹಾಗಿಲ್ಲ, ತಿದ್ದುವ ಹಾಗೂ ಇಲ್ಲ. ಇದ್ದುದನ್ನು ಇದ್ದಂತೆ ಅರೇಬಿಕ್‌ಗೆ ತರಬೇಕು. ಬೇಕಾದರೆ ಕೆಲಸ ಕೊಟ್ಟವರಿಗೆ ಬೇರೆ ಚೀಟಿಯಲ್ಲಿ ಬರೆದು ತಿಳಿಸಬಹುದು, ಅಷ್ಟೆ. ತಾನೇ ತಿದ್ದಿ ‘ಸರಿಮಾಡಿದ’ ಅನುವಾದಕ ಕೊನೆಗೆ ಎರಡೂ ಕಡೆಯವರಿಂದ ಬೈಸಿಕೊಳ್ಳುತ್ತಾನೆ.

ಈಗ ಸಂಬಳಕ್ಕೆ ಬರೋಣ. ನಿಜವಾದ ಹಣದ ಆಟ ಇಲ್ಲಿದೆ. ಪತ್ರದಲ್ಲಿ ಇರುವುದು 6,000 ಎಂಬ ಒಂದೇ ಅಂಕಿ. ಸಚಿವಾಲಯದ ನಮೂನೆಯಲ್ಲಿ ಮೂಲ ವೇತನಕ್ಕೆ ಒಂದು ಖಾನೆ, ಭತ್ಯೆಗಳಿಗೆ ಬೇರೆ ಖಾನೆ. ಕಾನೂನು ಈ ಎರಡನ್ನು ಗೆರೆ ಎಳೆದಂತೆ ಬೇರ್ಪಡಿಸಿದೆ: ‘ಅಲ್‌-ಅಜ್ರ್ ಅಲ್‌-ಅಸಾಸಿ’ ಎಂದರೆ ಭತ್ಯೆ ಸೇರದ ಬೇಸಿಕ್, ಬರಿಯ ‘ಅಲ್‌-ಅಜ್ರ್’ ಎಂದರೆ ಭತ್ಯೆಗಳೂ ಸೇರಿದ ಒಟ್ಟು. ಪತ್ರದಲ್ಲಿ ಈ ವಿಂಗಡಣೆ ಇಲ್ಲದಿದ್ದರೆ ಯಾರು ಮಾಡಬೇಕು? ಬಲ್ಲ ಅನುವಾದಕ ಅಲ್ಲಿ ಕೈ ನಿಲ್ಲಿಸಿ ಕಂಪನಿಯನ್ನು ಕೇಳುತ್ತಾನೆ. ಅವಸರದ ಟೈಪಿಂಗ್ ಸೆಂಟರಿನಲ್ಲಿ ಕಂಪನಿಯ ಪಿಆರ್‌ಒ ಬಾಯಲ್ಲಿ ಹೇಳಿದ ಅಂಕಿ ಕೂರುತ್ತದೆ: ಬೇಸಿಕ್ 2,400, ಉಳಿದ 3,600 ಭತ್ಯೆ. ತಿಂಗಳಿಗೆ ಬ್ಯಾಂಕಿಗೆ ಬೀಳುವುದು ಆರು ಸಾವಿರವೇ. ಹುಡುಗನಿಗೆ ಏನೂ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಕೆಲಸ ಬಿಡುವಾಗ. ಒಂದು ವರ್ಷ ಪೂರೈಸಿದ ವಿದೇಶಿ ನೌಕರನಿಗೆ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದಂತೆ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದಂತೆ ಗ್ರಾಚುಟಿ ಸಿಗುತ್ತದೆ. ಎಲ್ಲ ಸೇರಿ ಎರಡು ವರ್ಷದ ವೇತನ ಮೀರಬಾರದು. ನಮ್ಮಲ್ಲಿ ಗ್ರಾಚುಟಿ ಎಂದರೆ ಐದು ವರ್ಷ ಕಾಯಬೇಕು ಎಂಬುದು ಎಷ್ಟೋ ಜನರ ತಲೆಯಲ್ಲಿ ಕೂತುಬಿಟ್ಟಿದೆ. ನಾಲ್ಕು ವರ್ಷಕ್ಕೆ ವಾಪಸು ಬಂದವರು ಕೇಳದೆಯೇ ಬರುವುದಕ್ಕೆ ಅದೂ ಒಂದು ಕಾರಣ. ಈ ದಿನಗಳನ್ನು ಎಣಿಸುವುದು ಕೊನೆಯ ತಿಂಗಳ ಬೇಸಿಕ್ ಮೇಲೆ ಮಾತ್ರ.

ನಮ್ಮ ಹುಡುಗ ಏಳು ವರ್ಷ ದುಡಿದ ಎನ್ನೋಣ. ಮೊದಲ ಐದು ವರ್ಷಕ್ಕೆ 105 ದಿನ, ಮುಂದಿನ ಎರಡಕ್ಕೆ 60, ಒಟ್ಟು 165 ದಿನ. ಬೇಸಿಕ್ 2,400 ಆದರೆ ದಿನಕ್ಕೆ 80 ದಿರ್ಹಮ್‌ನಂತೆ 13,200 ಬರುತ್ತದೆ. ಅದೇ ಆರು ಸಾವಿರದಲ್ಲಿ ಬೇಸಿಕ್ 3,600 ಎಂದು ಬರೆದಿದ್ದರೆ ದಿನಕ್ಕೆ 120ರಂತೆ 19,800. ತಿಂಗಳ ಸಂಬಳದಲ್ಲಿ ಒಂದು ಕಾಸಿನ ವ್ಯತ್ಯಾಸವಿಲ್ಲದೆ 6,600 ದಿರ್ಹಮ್ ಹೋಯಿತು. ತೆಗೆದುಕೊಳ್ಳದೆ ಉಳಿದ ರಜೆಗೆ ಕೊಡುವ ಹಣವೂ ಬೇಸಿಕ್ ಮೇಲೆಯೇ ನಿಲ್ಲುವುದರಿಂದ ಅಲ್ಲಿಯೂ ಅದೇ ಪೆಟ್ಟು. ಬೇಸಿಕ್ಕನ್ನು ಕಡಿಮೆ ಇಡುವುದು ಕಾನೂನಿಗೆ ವಿರೋಧವೇನಲ್ಲ. ಅದಕ್ಕೇ ಸಹಿಗೆ ಮೊದಲು ಕೇಳಬೇಕು.

ವಸತಿಯ ವಿಚಾರದಲ್ಲಿ ಇನ್ನೊಂದು ಸಣ್ಣ ಪದ ಇದೆ: ‘ಬದಲ್’. ‘ಸಕನ್’ ಎಂದರೆ ವಸತಿ, ‘ಬದಲ್ ಸಕನ್’ ಎಂದರೆ ವಸತಿಗೆ ಪ್ರತಿಯಾಗಿ ಕೊಡುವ ಹಣ. ಇಂಗ್ಲಿಷ್ ಪತ್ರ ಭತ್ಯೆ ಎಂದು ಹೇಳಿ, ಅರೇಬಿಕ್‌ನಲ್ಲಿ ಆ ‘ಬದಲ್’ ಬಿದ್ದುಹೋದರೆ ಹಣದ ಬದಲು ಆರು ಮಂದಿಯ ಕೋಣೆಯಲ್ಲೊಂದು ಹಾಸಿಗೆ ಕೊಟ್ಟು ಮುಗಿಸಲು ದಾರಿಯಾಗುತ್ತದೆ. ಭಟ್ಕಳ, ಮಂಗಳೂರಿನ ಕಡೆ ಅರಬ್ಬಿ ಅಕ್ಷರ ಕೂಡಿಸಿ ಓದಬಲ್ಲವರು ಬೇಕಾದಷ್ಟಿದ್ದಾರೆ. ಪೂರ್ತಿ ಅರ್ಥವಾಗದಿದ್ದರೂ ‘ಅಸಾಸಿ’ ಎದುರಿನ ಅಂಕಿ ಯಾವುದು, ‘ಸಕನ್’ ಹಿಂದೆ ‘ಬದಲ್’ ಇದೆಯೇ ಎಂಬ ಎರಡನ್ನು ಅವರಿಂದಲೇ ನೋಡಿಸಬಹುದು. ಸಚಿವಾಲಯ ಆಫರ್ ಪತ್ರಕ್ಕೆ ನೌಕರನ ಭಾಷೆಯ ಪ್ರತಿಯನ್ನೂ ಜೋಡಿಸುವ ವ್ಯವಸ್ಥೆ ಮಾಡಿದಾಗ ಆ ಪಟ್ಟಿಯಲ್ಲಿ ಹಿಂದಿ, ಉರ್ದು, ಮಲಯಾಳಂ, ತಮಿಳು ಇದ್ದವು, ಕನ್ನಡ ಇರಲಿಲ್ಲ.

ಇನ್ನು ಗ್ರಾಚುಟಿಯ ಸಾಲು. ಅದರ ಕಾನೂನಿನ ಹೆಸರು ‘ಮುಕಾಫಅತ್ ನಿಹಾಯತ್ ಅಲ್‌-ಖಿದ್ಮಾ’, ಸೇವೆ ಮುಗಿದಾಗಿನ ಹಣ. ನಿಘಂಟು ನೋಡಿ ‘ಇಕ್ರಾಮಿಯ್ಯಾ’ ಎಂದು ಬರೆದರೆ ಹೋಟೆಲಿನ ಟಿಪ್ಸ್ ಆಗುತ್ತದೆ. ಅದು ಯಾರ ಕಣ್ಣಿಗೂ ಬೀಳುವ ತಪ್ಪು, ಹಾಗಾಗಿ ಅಪಾಯ ಕಡಿಮೆ. ಬರಿಯ ‘ಮುಕಾಫಅ’ ಎಂದು ನಿಲ್ಲಿಸಿದರೆ ತೊಂದರೆ ಹೆಚ್ಚು, ಬೋನಸ್ಸಿಗೂ ಅದೇ ಪದ. ಮಾಲೀಕ ಮನಸ್ಸಾದರೆ ಕೊಡುವ ಹಣದಂತೆ ಕಾಣುತ್ತದೆ. ಇದಕ್ಕಿಂತ ಕೆಟ್ಟದ್ದು ಹಳೆಯ ನಮೂನೆ. 1980ರ ಕಾನೂನಿನಡಿ ಅವಧಿ ಗೊತ್ತುಪಡಿಸದ ಒಪ್ಪಂದದವರು ತಾವಾಗಿ ರಾಜೀನಾಮೆ ಕೊಟ್ಟರೆ, ಮೂರು ವರ್ಷದೊಳಗೆ ಮೂರರಲ್ಲೊಂದು ಪಾಲು, ಐದರೊಳಗೆ ಮೂರರಲ್ಲೆರಡು ಪಾಲು ಮಾತ್ರ ಸಿಗುತ್ತಿತ್ತು. ಈಗಿನ ಕಾನೂನಿನಲ್ಲಿ ಆ ಕಡಿತ ಇಲ್ಲ. ಅರೇಬಿಕ್ ಪ್ರತಿಯಲ್ಲಿ ಮೂರರಲ್ಲೊಂದು ಎಂಬ ಮಾತು ಕಂಡರೆ ಯಾರೋ ಹಳೆಯ ಫೈಲನ್ನು ತೆರೆದು ಹೆಸರು ಮಾತ್ರ ಬದಲಿಸಿದ್ದಾರೆ ಎಂದೇ ತಿಳಿಯಬೇಕು.

ಅಥವಾ ನಮೂನೆ ಸೌದಿಯಿಂದ ಬಂದಿರಬಹುದು. ಅಲ್ಲಿ ಲೆಕ್ಕವೇ ಬೇರೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳು, ಆಮೇಲೆ ಒಂದು ತಿಂಗಳು; ಎಣಿಸುವುದು ಭತ್ಯೆಗಳೂ ಸೇರಿದ ಸಂಬಳದ ಮೇಲೆ. ಆರು ಸಾವಿರ ರಿಯಾಲಿನವನಿಗೆ ಏಳು ವರ್ಷಕ್ಕೆ 27,000 ಆಗುತ್ತದೆ. ತಾನಾಗಿ ರಾಜೀನಾಮೆ ಕೊಟ್ಟರೆ ಮೂರರಲ್ಲೆರಡು, ಅಂದರೆ 18,000. ದುಬೈಯ ಪತ್ರಕ್ಕೆ ಸೌದಿಯ ಸಾಲು ಅಂಟಿಸಿದರೂ, ಸೌದಿಯ ಪತ್ರಕ್ಕೆ ದುಬೈಯ ‘ಬೇಸಿಕ್ ಮೇಲೆ’ ಎಂಬ ಸಾಲು ಅಂಟಿಸಿದರೂ ಅರೇಬಿಕ್ ವ್ಯಾಕರಣದಲ್ಲಿ ಒಂದು ತಪ್ಪೂ ಇರುವುದಿಲ್ಲ.

ಎಮಿರೇಟ್ಸ್‌ನಲ್ಲಿ ನೌಕರ ಹೋಗಿ ಇಳಿದ ಮೇಲೆ ನೋಂದಾಗುವ ಒಪ್ಪಂದ ಈ ಆಫರ್‌ಗೆ ಹೊಂದಬೇಕೆಂಬ ನಿಯಮ ಇದೆ; ಹೆಚ್ಚು ಸೌಲಭ್ಯ ಸೇರಿಸಬಹುದು, ಕಡಿಮೆ ಮಾಡುವಂತಿಲ್ಲ. ಆದ್ದರಿಂದ ಊರಲ್ಲಿ ಸಹಿ ಹಾಕಿದ ಪ್ರತಿಯ ಫೋಟೊ ಮೊಬೈಲಿನಲ್ಲಿ ಇದ್ದರೆ ಅಲ್ಲಿ ಪಕ್ಕಪಕ್ಕ ಇಟ್ಟು ಅಂಕಿಗಳನ್ನು ನೋಡಬಹುದು. ಆದರೆ ಈ ನಿಯಮ ಮುಂದಿನ ಬಡ್ತಿಗಳನ್ನು ಕಾಯುವುದಿಲ್ಲ. ನಾಲ್ಕನೆಯ ವರ್ಷ ನಮ್ಮ ಹುಡುಗನ ಸಂಬಳ ಎಂಟು ಸಾವಿರಕ್ಕೆ ಏರಿತು, ಊರಿಗೆ ಫೋನು ಮಾಡಿ ಹೇಳಿದ, ಎಲ್ಲರಿಗೂ ಖುಷಿ. ಹೆಚ್ಚಾದ ಎರಡು ಸಾವಿರ ಹೋಗಿ ಕೂತದ್ದು ‘ಇತರ ಭತ್ಯೆ’ಯ ಖಾನೆಯಲ್ಲಾದರೆ ಬೇಸಿಕ್ ಅದೇ 2,400, ಏಳು ವರ್ಷದ ಗ್ರಾಚುಟಿ ಅದೇ 13,200. ಎರಡರಲ್ಲಿ ಸಾವಿರವಾದರೂ ಬೇಸಿಕ್‌ಗೆ ಸೇರಿದ್ದರೆ 18,700 ಆಗುತ್ತಿತ್ತು.