ಎದೆ ಬಿಗಿತ: ಹೃದ್ರೋಗ ತಜ್ಞರಿಗೆ ಬರೆಯುವ ಪತ್ರದಲ್ಲಿ ಏನಿರುತ್ತದೆ?

ನಡೆಯುವಾಗ ಎದೆ ಬಿಗಿಯುತ್ತದೆ ಎಂದು ನೀವು ಊರಿನ ವೈದ್ಯರ ಬಳಿ ಹೋದರೆ, ಅವರು ಪರೀಕ್ಷಿಸಿ ಹೃದ್ರೋಗ ತಜ್ಞರಿಗೆ ಪತ್ರ ಬರೆದು ಕೊಡಬಹುದು. ಎಷ್ಟು ಬೇಗ, ಯಾವ ಪರೀಕ್ಷೆ ಮಾಡಬೇಕೆಂದು ತೀರ್ಮಾನಿಸಲು ತಜ್ಞರಿಗೆ ಆ ಪತ್ರ ಬಹಳ ನೆರವಾಗುತ್ತದೆ.

ಒಂದು ಉದಾಹರಣೆ ನೋಡೋಣ. ರೋಗಿ 52 ವರ್ಷದ ದಿನಸಿ ವ್ಯಾಪಾರಿ. ತನಗಿರುವುದು ಗ್ಯಾಸ್ ಎಂದೇ ಅವರ ನಂಬಿಕೆ. ತೊಂದರೆ ಶುರುವಾಗಿ ಒಂದು ತಿಂಗಳಾಯಿತು ಎನ್ನುತ್ತಾರೆ. ರಂಝಾನಿಗೂ ಮೊದಲೇ ಇತ್ತು ಎನ್ನುತ್ತಾರೆ ಪತ್ನಿ. ಅವರ ವೈದ್ಯರು ಹೀಗೆ ಬರೆಯುತ್ತಾರೆ:

“ಮೂಟೆ ಹೊತ್ತಾಗ, ಏರು ಹತ್ತುವಾಗ ಎದೆಯ ನಡುವೆ ಬಿಗಿತ. ನಿಂತರೆ ಐದು ನಿಮಿಷದೊಳಗೆ ಕಡಿಮೆ. ಕೆಲವೊಮ್ಮೆ ಊಟದ ನಂತರವೂ ಇದೆ ಎನ್ನುತ್ತಾರೆ. ಎಂದಿನಿಂದ ಎಂಬುದು ಸ್ಪಷ್ಟವಿಲ್ಲ. ಸಕ್ಕರೆ ಕಾಯಿಲೆ ಇದೆ, ಮಾತ್ರೆಯ ಹೆಸರು ತಿಳಿಯದು. ಧೂಮಪಾನವಿದೆ. ತಂದೆ ಹಠಾತ್ತನೆ ತೀರಿಕೊಂಡಿದ್ದಾರೆ, ವಯಸ್ಸು ತಿಳಿಯದು. ಬಿಪಿ 150/90. ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಸಹಜ. ಆಂಜೈನಾ ಇರಬಹುದೆಂಬ ಸಂಶಯ. ದಯವಿಟ್ಟು ಪರೀಕ್ಷಿಸಿ.”

ಇಲ್ಲಿ ವೈದ್ಯರು ಮೂರು ವಿಷಯಗಳನ್ನು ಹುಡುಕಿದ್ದಾರೆ. ಎದೆ, ದವಡೆ ಅಥವಾ ತೋಳಿನಲ್ಲಿ ಒತ್ತಿದಂತಹ ಬಿಗಿತವಿದೆಯೇ? ಅದು ಶ್ರಮದಿಂದ ಬರುತ್ತದೆಯೇ? ವಿಶ್ರಾಂತಿಯಿಂದ ಕೆಲವೇ ನಿಮಿಷದಲ್ಲಿ ಇಳಿಯುತ್ತದೆಯೇ? ಮೂರೂ ಇದ್ದರೆ, ಹೃದಯದ ರಕ್ತನಾಳ ಕಿರಿದಾಗಿರುವ ಸಂಶಯ ಬಲವಾಗುತ್ತದೆ. ಊಟದ ನಂತರ ಬರುವ ಬಿಗಿತ ಗ್ಯಾಸಿನದ್ದೂ ಇರಬಹುದು, ಆದರೆ ಹೊಟ್ಟೆ ತುಂಬ ಉಂಡು ನಡೆದಾಗ ಆಂಜೈನಾವೂ ಬರುತ್ತದೆ. ಆದ್ದರಿಂದ ವೈದ್ಯರು ಅದನ್ನು ಮುಚ್ಚಿಡದೆ ಬರೆದಿದ್ದಾರೆ.

ಇಸಿಜಿ ಸಹಜವಿದೆ ಎಂದು ಹಲವರು ತಜ್ಞರ ಬಳಿ ಹೋಗುವುದನ್ನೇ ಬಿಡುತ್ತಾರೆ. ಸುಮ್ಮನೆ ಮಲಗಿರುವಾಗ ಹೃದಯಕ್ಕೆ ಬೇಕಾದ ರಕ್ತ ಕಡಿಮೆ. ಕಿರಿದಾದ ನಾಳದಲ್ಲೂ ಅಷ್ಟು ಹರಿಯುತ್ತದೆ. ಕೊರತೆ ಕಾಣುವುದು ಶ್ರಮದ ವೇಳೆಯಲ್ಲಿ. ಅದಕ್ಕೇ ತಜ್ಞರು ಟ್ರೆಡ್‌ಮಿಲ್ ಪರೀಕ್ಷೆಯನ್ನೋ ಬೇರೆ ಪರೀಕ್ಷೆಯನ್ನೋ ಹೇಳುತ್ತಾರೆ.

ಪತ್ರದಲ್ಲಿ “ಸ್ಪಷ್ಟವಿಲ್ಲ”, “ತಿಳಿಯದು” ಎಂದಿರುವ ಜಾಗವನ್ನು ತುಂಬಬಲ್ಲವರು ಮನೆಯವರೇ. ಮೊದಲು ಎಷ್ಟು ಮೆಟ್ಟಿಲು ಹತ್ತುತ್ತಿದ್ದರು, ಈಗ ಎಷ್ಟಕ್ಕೆ ನಿಲ್ಲುತ್ತಾರೆ ಎಂದು ಬರೆದಿಡಿ. ಮಾತ್ರೆಯ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ತಂದೆ ಅಥವಾ ಸಹೋದರನಿಗೆ 55ಕ್ಕೆ ಮೊದಲು, ತಾಯಿ ಅಥವಾ ಸಹೋದರಿಗೆ 65ಕ್ಕೆ ಮೊದಲು ಹೃದ್ರೋಗ ಬಂದಿತ್ತೇ ಎಂದು ಮನೆಯ ಹಿರಿಯರಲ್ಲಿ ಕೇಳಿ. ಬೀಡಿ ಸೇದುವುದನ್ನು ಸಂಕೋಚಪಟ್ಟು ಅಡಗಿಸಬೇಡಿ. ರೋಗಿಯೊಂದಿಗೆ, ಅವರ ತೊಂದರೆಯನ್ನು ಕಣ್ಣಾರೆ ಕಂಡವರೊಬ್ಬರು ಹೋಗುವುದು ಒಳ್ಳೆಯದು.

ತಜ್ಞರು ಕೊಟ್ಟ ದಿನದವರೆಗೆ ಕಾಯಬಾರದ ಸಂದರ್ಭಗಳೂ ಇವೆ. ಸುಮ್ಮನೆ ಕುಳಿತಿದ್ದಾಗಲೇ ಬಿಗಿತ ಬಂದರೆ, ವಿಶ್ರಾಂತಿ ಪಡೆದರೂ ಇಳಿಯದಿದ್ದರೆ, ಬೆವರು, ಉಸಿರಾಟದ ಕಷ್ಟ ಜೊತೆಗೂಡಿದರೆ ಅಥವಾ ದಿನದಿಂದ ದಿನಕ್ಕೆ ಕಡಿಮೆ ಶ್ರಮಕ್ಕೇ ಬರತೊಡಗಿದರೆ, ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬಿಗಿತ ಇಳಿಯದೇ ಇರುವಾಗ ರೋಗಿಯನ್ನು ನಡೆಸದೆ 108ಕ್ಕೆ ಕರೆ ಮಾಡಿ.