ನಿಮಗಿದು ಗೊತ್ತೆ? ಓಝೋನ್ ಪದರದ ಹಾನಿಯೇ ಬೇರೆ, ಭೂತಾಪವೇ ಬೇರೆ

ಓಝೋನ್ ಪದರದಲ್ಲಿ ರಂಧ್ರವಾಗಿ ಅದರ ಮೂಲಕ ಬಿಸಿಲು ಹೆಚ್ಚಾಗಿ ನುಗ್ಗುವುದರಿಂದಲೇ ಭೂಮಿ ಕಾಯುತ್ತಿದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ತಪ್ಪು. ನೆಲದಿಂದ ಸುಮಾರು 15ರಿಂದ 35 ಕಿ.ಮೀ. ಎತ್ತರದಲ್ಲಿರುವ ಓಝೋನ್, ಚರ್ಮದ ಕ್ಯಾನ್ಸರ್ ಮತ್ತು ಕಣ್ಣಿನ ಪೊರೆಗೆ ಕಾರಣವಾಗುವ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಭೂತಾಪ ಏರಿಕೆಗಾದರೋ, ನೆಲದಿಂದ ಹೊರಹೊಮ್ಮುವ ಶಾಖವನ್ನು ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಂತಾದ ಅನಿಲಗಳು ಹಿಡಿದಿಡುವುದೇ ಮುಖ್ಯ ಕಾರಣ.

ಈ ಗೊಂದಲಕ್ಕೆ ಆಸ್ಪದ ಕೊಡುವ ಕೊಂಡಿಯೊಂದು ಫ್ರಿಜ್ಜಿನೊಳಗಿದೆ. ಅದರಲ್ಲಿ ಹಿಂದೆ ಶೀತಕವಾಗಿ, ಅಂದರೆ ತಂಪುಗೊಳಿಸುವ ದ್ರವ್ಯವಾಗಿ, ಬಳಕೆಯಲ್ಲಿದ್ದ ಕ್ಲೋರೋಫ್ಲೋರೋಕಾರ್ಬನ್ ಸೋರಿ ಮೇಲೇರಿದಾಗ ಅತಿನೇರಳೆ ಕಿರಣಗಳಿಗೆ ಸಿಕ್ಕಿ ಒಡೆಯುತ್ತದೆ; ಹೀಗೆ ಬಿಡುಗಡೆಯಾದ ಕ್ಲೋರಿನ್ ಪರಮಾಣು ತಾನು ಸವೆಯದೆ ಸಾವಿರಾರು ಓಝೋನ್ ಅಣುಗಳನ್ನು ಒಂದರ ನಂತರ ಒಂದರಂತೆ ನಾಶಮಾಡುತ್ತದೆ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೀವ್ರವಾಗಿ ತೆಳುವಾಗಿರುವುದನ್ನು ಪ್ರಕಟಿಸಿದ ಎರಡೇ ವರ್ಷಗಳಲ್ಲಿ ಮಾಂಟ್ರಿಯಲ್ ಒಪ್ಪಂದ ರೂಪುಗೊಂಡು, ಇಂತಹ ರಾಸಾಯನಿಕಗಳ ತಯಾರಿಕೆ ಹಂತಹಂತವಾಗಿ ನಿಂತಿತು.

ಅವುಗಳ ಬದಲಿಗೆ ಬಂದ, ಕ್ಲೋರಿನ್ ಇಲ್ಲದ ಹೈಡ್ರೋಫ್ಲೋರೋಕಾರ್ಬನ್ ಓಝೋನಿಗೆ ನಿರಪಾಯಕಾರಿಯಾದರೂ ಶಾಖವನ್ನು ಹಿಡಿದಿಡುವುದರಲ್ಲಿ ಪ್ರಬಲವಾದುದು. ಕಾರಿನ ಎ.ಸಿ.ಗಳಲ್ಲಿ ಬಳಕೆಯಾಗುತ್ತ ಬಂದಿರುವ ಆರ್-134ಎ ಎಂಬ ಬಗೆಯ ಒಂದು ಕಿಲೋ ಅನಿಲವು, ನೂರು ವರ್ಷಗಳ ಲೆಕ್ಕದಲ್ಲಿ, ಸಾವಿರ ಕಿಲೋಗೂ ಹೆಚ್ಚಿನ ಇಂಗಾಲದ ಡೈಆಕ್ಸೈಡಿನಷ್ಟು ತಾಪ ತರುತ್ತದೆ. ಆದ್ದರಿಂದಲೇ 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಇದರ ಬಳಕೆಯನ್ನೂ ತಗ್ಗಿಸುವ ತಿದ್ದುಪಡಿ ಅಂಗೀಕಾರವಾಯಿತು. ಭಾರತ ಅದನ್ನು 2021ರಲ್ಲಿ ಅನುಮೋದಿಸಿತು.

ಓಝೋನ್ ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಆದರೆ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸುವುದು ಕಡಿಮೆಯಾಗದ ಹೊರತು ಭೂತಾಪದ ಏರಿಕೆ ನಿಲ್ಲದು.