ಹದಿನೈದರ ಕೂದಲಿಗೆ ಬಣ್ಣ: ನಂಬಿಕೆ ಎಷ್ಟು, ನಿಜ ಎಷ್ಟು

ಹೈದರಾಬಾದಿನ ನಾಚಾರಂನಂಥ ಬಡಾವಣೆಯ ಫ್ಯಾನ್ಸಿ ಸ್ಟೋರುಗಳಲ್ಲಿ ಕೂದಲ ಬಣ್ಣ ಸಾಮಾನ್ಯವಾಗಿ ಮೂರು ರೂಪದಲ್ಲಿ ಸಿಗುತ್ತದೆ. ನೀರಿನಲ್ಲಿ ಕಲಸುವ ಕರಿ ಮೆಹೆಂದಿ ಪ್ಯಾಕೆಟ್ಟು, ಎರಡು ಟ್ಯೂಬಿರುವ ಡೈ ಪೆಟ್ಟಿಗೆ, ಪುಟ್ಟ ಡಬ್ಬಿಯಲ್ಲಿ ನೀಲಿಯೋ ನೇರಳೆಯೋ ಬಣ್ಣದ ಮೇಣ. ಕೆಲಸಕ್ಕೆಂದು ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಈ ನಗರದಲ್ಲಿ ನೆಲೆನಿಂತ ಕನ್ನಡದ ಮನೆಗಳಲ್ಲಿ ಇವುಗಳ ಸುತ್ತ ನಡೆಯುವ ಜಗಳ ಹೆಚ್ಚುಕಡಿಮೆ ಒಂದೇ ತರಹದ್ದು. ತಾಯಿ, “ಬಣ್ಣ ಹಚ್ಚಿದ್ರ ಕೂದ್ಲ ಬೆಳ್ಳಗ ಆಗ್ತಾವ, ಬ್ಯಾಡ” ಅನ್ನುತ್ತಾಳೆ. ಮಗಳು, “ಇದ್ರಾಗ ಅಮೋನಿಯಾನೇ ಇಲ್ಲವ್ವ” ಅನ್ನುತ್ತಾಳೆ. ತಾಯಿಯ ಭಯಕ್ಕೆ ಆಧಾರವಿಲ್ಲ, ಮಗಳ ಧೈರ್ಯಕ್ಕೂ ಇಲ್ಲ. ನಿಜವಾಗಿ ಯೋಚಿಸಬೇಕಾದ ಅಪಾಯ ಇಬ್ಬರ ಮಾತಿನಲ್ಲೂ ಬರುವುದೇ ಇಲ್ಲ.

ನಂಬಿಕೆ: ಬಣ್ಣ ಹಚ್ಚಿದರೆ ಕೂದಲು ಬೇಗ ನೆರೆಯುತ್ತದೆ, ಬುಡವೇ ಸಾಯುತ್ತದೆ

ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳಿರುವುದು ಚರ್ಮದೊಳಗಿನ ಬುಡದಲ್ಲಿ. ಹೊರಗೆ ಕಾಣುವ ಎಳೆಗೆ ಜೀವವಿಲ್ಲ. ಡೈ ಕೆಲಸ ಮಾಡುವುದು ಆ ಎಳೆಯ ಮೇಲೆ, ಆದ್ದರಿಂದ ಅದು ನೆರೆ ತರುವುದಿಲ್ಲ. ಹುಡುಗಿ ತಲೆಗೂದಲೆಲ್ಲ ಹಾಳುಮಾಡಿಕೊಂಡಳು ಎಂದೇ ಇಟ್ಟುಕೊಳ್ಳಿ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬುಡದಿಂದ ಹೊಸ ಕೂದಲು ಬರುತ್ತಲೇ ಇರುತ್ತದೆ. ಬ್ಲೀಚಿನಿಂದ ನೆತ್ತಿಯ ಚರ್ಮ ಆಳವಾಗಿ ಸುಟ್ಟರೆ ಮಾತ್ರ ಆ ಜಾಗದಲ್ಲಿ ಮತ್ತೆ ಬೆಳೆಯದೆ ಹೋಗಬಹುದು.

ಎಳೆಗೆ ಆಗುವ ಹಾನಿ ಮಾತ್ರ ನಿಜವೇ. ನಮ್ಮ ಕಪ್ಪು ಕೂದಲ ಮೇಲೆ ನೀಲಿ, ಗುಲಾಬಿ ಶಾಶ್ವತವಾಗಿ ಕಾಣಬೇಕೆಂದರೆ ಮೊದಲು ಒಳಗಿನ ಕಪ್ಪನ್ನು ತೆಗೆಯಬೇಕು. ಪಾರ್ಲರಿನಲ್ಲಿ ಬ್ಲೀಚ್ ಪುಡಿಯನ್ನು ‘20 ವಾಲ್ಯೂಮ್’ ಅಥವಾ ‘30 ವಾಲ್ಯೂಮ್’ ಡೆವಲಪರಿನಲ್ಲಿ ಕಲಸುತ್ತಾರೆ. ಅಂದರೆ ಕ್ರಮವಾಗಿ 6 ಮತ್ತು 9 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ಅದು ಕಪ್ಪನ್ನು ಕರಗಿಸುವಾಗ ಕೂದಲನ್ನು ಗಟ್ಟಿಯಾಗಿ ಹಿಡಿದಿರುವ ಗಂಧಕದ ಬಂಧಗಳನ್ನೂ, ಮೇಲ್ಮೈಯ ತೆಳುವಾದ ಜಿಡ್ಡಿನ ಪದರವನ್ನೂ ಒಡೆಯುತ್ತದೆ. ಒದ್ದೆಯಾದಾಗ ಎಳೆ ಜಗ್ಗಿದರೆ ರಬ್ಬರಿನ ಹಾಗೆ ಉದ್ದವಾಗಿ, ಬಿಟ್ಟರೆ ಹಿಂದಕ್ಕೆ ಬಾರದೆ ತುಂಡಾದರೆ ಆ ಬಂಧಗಳು ಹೋಗಿವೆ ಎಂದೇ ತಿಳಿಯಬೇಕು. ಯಾವ ಮಾಸ್ಕು, ಯಾವ ಎಣ್ಣೆಯೂ ಅದನ್ನು ಮೊದಲಿನಂತೆ ಮಾಡದು, ಕತ್ತರಿಸುವುದೊಂದೇ ದಾರಿ. ಬೇಸರದ ಸಂಗತಿ ಹೌದು, ಆದರೆ ಒಂದೆರಡು ವರ್ಷದಲ್ಲಿ ಮುಗಿಯುವ ಬೇಸರ.

ನಂಬಿಕೆ: ಹೋದ ಸಲ ಹಚ್ಚಿದಾಗ ಏನೂ ಆಗಲಿಲ್ಲ, ಈ ಸಲವೂ ಆಗದು

ಹದಿಹರೆಯದವರ ವಿಷಯದಲ್ಲಿ ನನಗೆ ಅತಿ ಅಪಾಯಕಾರಿ ಎನಿಸುವುದು ಈ ನಂಬಿಕೆ. ಶಾಶ್ವತ ಡೈಗಳಲ್ಲಿ, ಅದರಲ್ಲೂ ಕಪ್ಪು ಮತ್ತು ಗಾಢ ಕಂದು ಬಣ್ಣದವುಗಳಲ್ಲಿ, ಬಹಳ ಸಲ ಇರುವ ಮುಖ್ಯ ವಸ್ತು ಪ್ಯಾರಾ ಫಿನೈಲೀನ್ ಡೈಅಮೀನ್. ಚಿಕ್ಕದಾಗಿ ಪಿಪಿಡಿ. ಇದು ಬಹಳ ಸಣ್ಣ ಅಣು, ಕೂದಲೊಳಗೆ ಹೊಕ್ಕು ಪೆರಾಕ್ಸೈಡಿನ ಜೊತೆ ಸೇರಿ ದೊಡ್ಡ ಬಣ್ಣದ ಅಣುವಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಣ್ಣದಾದ್ದರಿಂದಲೇ ಅದು ನೆತ್ತಿಯ ಚರ್ಮದೊಳಗೂ ಇಳಿಯುತ್ತದೆ.

ಚರ್ಮ ಈ ಅಣುವನ್ನು ಮೊದಲ ಸಲ ಕಂಡಾಗ ಸಾಮಾನ್ಯವಾಗಿ ಹೊರಗೆ ಏನೂ ತೋರಿಸುವುದಿಲ್ಲ. ಕೆಲವರಲ್ಲಿ ಮಾತ್ರ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ, ಆ ತಯಾರಿಗೆ ಒಂದೆರಡು ವಾರ ಹಿಡಿಯುತ್ತದೆ. ಮುಂದಿನ ಸಲವೋ ಐದನೆಯ ಸಲವೋ ಹಚ್ಚಿದಾಗ, ಒಂದರಿಂದ ಮೂರು ದಿನದೊಳಗೆ ನೆತ್ತಿ, ಕಿವಿ, ಕತ್ತಿನ ಹಿಂಭಾಗ ಕೆರೆದು ಕೆಂಪಾಗಿ ನೀರುಗುಳ್ಳೆ ಏಳುತ್ತವೆ, ರೆಪ್ಪೆಗಳು ಊದಿ ಕಣ್ಣು ಮುಚ್ಚಿಬಿಡುತ್ತವೆ. ಆದ್ದರಿಂದ ಹೋದ ಸಲ ಏನೂ ಆಗಲಿಲ್ಲ ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ. ಅಲರ್ಜಿ ಶುರುವಾದದ್ದೇ ಆ ಹೋದ ಸಲ ಇರಬಹುದು.

ಒಮ್ಮೆ ಬಂದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಕತ್ತರಿಸಿದ ಕೂದಲು ಮತ್ತೆ ಬರುತ್ತದೆ, ಚರ್ಮ ಕಲಿತದ್ದನ್ನು ಮರೆಸಲು ಆಗದು. ಹದಿನೈದಕ್ಕೆ ಇದನ್ನು ತಂದುಕೊಂಡವಳು ನಲವತ್ತರಲ್ಲಿ ನೆರೆ ಮುಚ್ಚಲು ಬಯಸಿದರೆ ಹೆಚ್ಚಿನ ಡೈಗಳು ಅವಳಿಗೆ ನಿಷಿದ್ಧವಾಗಿರುತ್ತವೆ. ಪಿಪಿಡಿಯನ್ನು ಹೋಲುವ ಇತರ ವಸ್ತುಗಳಿಗೂ, ಉದಾಹರಣೆಗೆ ಬೆಂಜೊಕೇನ್ ಎಂಬ ಮರಗಟ್ಟಿಸುವ ಔಷಧಿಗೆ, ಬಟ್ಟೆಯ ಕೆಲವು ಬಣ್ಣಗಳಿಗೆ, ಅವಳ ಚರ್ಮ ಸಿಡಿಮಿಡಿಗೊಳ್ಳಬಹುದು. ಐರೋಪ್ಯ ಒಕ್ಕೂಟದಲ್ಲಿ ಇಂಥ ಡೈಗಳ ಮೇಲೆ ‘16 ವರ್ಷದೊಳಗಿನವರಿಗಲ್ಲ’ ಎಂಬ ಎಚ್ಚರಿಕೆ ಮುದ್ರಿಸುತ್ತಾರೆ. ಹದಿಹರೆಯದವರ ಕೂದಲು ಎಳೆಯದು, ತಡೆಯದು ಎಂದಲ್ಲ. ಆ ವಯಸ್ಸಿಗಾಗಲೇ ಎಳೆಯ ರಚನೆ ದೊಡ್ಡವರದರಂತೆಯೇ ಇರುತ್ತದೆ. ಬೇಗ ಶುರುಮಾಡಿದಷ್ಟೂ ಚರ್ಮಕ್ಕೆ ಈ ಅಣು ತಗುಲುವ ಸರದಿಗಳು ಹೆಚ್ಚುತ್ತವೆ, ಅಲರ್ಜಿ ಬಂದರೆ ಅದರೊಂದಿಗೆ ಬದುಕುವ ವರ್ಷಗಳೂ ಹೆಚ್ಚು.

ನಮ್ಮ ದೇಶದಲ್ಲೂ ಪಿಪಿಡಿ ಇರುವ ಡೈಯ ಮೇಲೆ ಎಚ್ಚರಿಕೆ ಹಾಕಲೇಬೇಕು. ಸ್ವಲ್ಪ ಡೈಯನ್ನು ಕಿವಿಯ ಹಿಂದೆ ಅಥವಾ ಮುಂಗೈಯ ಒಳಬದಿಗೆ ಹಚ್ಚಿ 24 ಗಂಟೆ ನೋಡಿ, ಪ್ರತಿ ಸಲವೂ ನೋಡಿ ಎಂದು ಅದು ಹೇಳುತ್ತದೆ. ಹುಬ್ಬು, ರೆಪ್ಪೆಗೂದಲಿಗೆ ಹಚ್ಚಿದರೆ ಕಣ್ಣೇ ಹೋಗಬಹುದೆಂದೂ ಹೇಳುತ್ತದೆ. ಅಲರ್ಜಿ ಎರಡನೆಯ, ಮೂರನೆಯ ದಿನ ತಲೆ ಎತ್ತುವುದೂ ಉಂಟಾದ್ದರಿಂದ 48 ಗಂಟೆ ಕಾಯುವುದು ಲೇಸು. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಆ ಹೊತ್ತಿಗೆ ಅಲರ್ಜಿ ಇಲ್ಲವೆಂದಷ್ಟೇ ಅರ್ಥ. ಹೊಸದಾಗಿ ಬರುವುದನ್ನು ಅದು ತಡೆಯದು.

ನಂಬಿಕೆ: ಅಮೋನಿಯಾ ಇಲ್ಲದ್ದು, ಮೆಹೆಂದಿಯದು, ಹಾಗಾಗಿ ಸೌಮ್ಯ

ಅಮೋನಿಯಾದ ಕೆಲಸ ಕೂದಲ ಹೊರಪದರವನ್ನು ಸಡಿಲಿಸುವುದು. ಅದನ್ನು ತೆಗೆದ ಕಂಪನಿಗಳು ಆ ಜಾಗಕ್ಕೆ ಹೆಚ್ಚಾಗಿ ಮೊನೊಎಥನಾಲಮೀನ್ ಹಾಕುತ್ತವೆ, ಘಾಟು ಕಡಿಮೆಯಾಗುತ್ತದೆ. ಪೆರಾಕ್ಸೈಡೂ ಪಿಪಿಡಿಯೂ (ಅಥವಾ ಅದರ ತಂಗಿಯಂಥ ಟಾಲ್ವೀನ್ ಡೈಅಮೀನ್) ಇದ್ದಲ್ಲೇ ಇರುತ್ತವೆ. ಪೆಟ್ಟಿಗೆಯಲ್ಲಿ ಎರಡು ಟ್ಯೂಬು ಇದ್ದು, ಕಲಸಿ ಹಚ್ಚಿ ಎಂದಿದ್ದರೆ ಅದು ತೊಳೆದರೆ ಹೋಗುವ ಬಣ್ಣವಲ್ಲ, ಮೇಲೆ ಏನೇ ಬರೆದಿರಲಿ.

ಮೆಹೆಂದಿಯದು ಇನ್ನೂ ಸೂಕ್ಷ್ಮ. ಆಷಾಢದಲ್ಲಿ ನಮ್ಮ ತೆಲುಗು ನೆರೆಯವರು ಗೋರಿಂಟಾಕು ರುಬ್ಬಿ ಕೈಗಿಡುತ್ತಾರಲ್ಲ, ಆ ಸೊಪ್ಪಿನ ಬಣ್ಣ ಕಿತ್ತಳೆಯಿಂದ ಕೆಂಗಂದಿನವರೆಗೆ ಮಾತ್ರ. ಹಲವು ಗಂಟೆ ಇಟ್ಟರೆ ಹತ್ತುತ್ತದೆ, ಒಂದೆರಡು ದಿನದಲ್ಲಿ ಗಾಢವಾಗುತ್ತದೆ. ಒಂದೇ ಗಂಟೆಯೊಳಗೆ ಕಪ್ಪಾಗುವ ‘ಕರಿ ಮೆಹೆಂದಿ’ಯಲ್ಲಿ ಬರೀ ಸೊಪ್ಪಿಲ್ಲ, ಪಿಪಿಡಿ ಸೇರಿದೆ ಎಂದೇ ಲೆಕ್ಕ. ಹಬ್ಬಕ್ಕೆಂದು ಕೈಗೆ ಹಾಕಿಸಿಕೊಂಡ ಕರಿ ಚಿತ್ತಾರದಿಂದ ಚಿಕ್ಕಂದಿನಲ್ಲೇ ಅಲರ್ಜಿ ತಗುಲಿ, ವರ್ಷಗಳ ನಂತರ ಮೊದಲ ಡೈಗೇ ಮುಖ ಊದಿಕೊಂಡವರಿದ್ದಾರೆ. ಮಗುವಿಗೆ ಅಂಥ ಚಿತ್ತಾರದಿಂದ ಗುಳ್ಳೆ ಎದ್ದಿದ್ದರೆ ಡೈಯ ಯೋಚನೆಯನ್ನೇ ಬಿಡಬೇಕು, ಪರೀಕ್ಷೆಗೆಂದು ಒಂದು ಚುಕ್ಕೆ ಕೂಡ ಬೇಡ. ಶುದ್ಧ ಗೋರಂಟಿ ಹೆಚ್ಚಿನವರಿಗೆ ಸೌಮ್ಯವೇ ಆದರೂ ಜಿ6ಪಿಡಿ ಕೊರತೆ ಇರುವ ಮಕ್ಕಳಲ್ಲಿ ರಕ್ತಕಣ ಒಡೆಯಬಲ್ಲದು. ಅಲ್ಲದೆ ಅದು ತೊಳೆದರೆ ಹೋಗದು.

ನಂಬಿಕೆ: ತೊಳೆದರೆ ಹೋಗುವುದಕ್ಕೆ ನಿಯಮವೇ ಬೇಡ

ನಾಚಾರಂನಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಅಕ್ಕನ ಸಂಗೀತದ ರಾತ್ರಿಗೆ ಎರಡು ನೀಲಿ ಜಡೆ ಬೇಕು, ಸೋಮವಾರ ಶಾಲೆಗೆ ಕಪ್ಪು ಕೂದಲು ಬೇಕು ಎಂದಿಟ್ಟುಕೊಳ್ಳೋಣ. ಅವಳಿಗೆ ನಾನು ಹೇಳುವುದು ಬಣ್ಣದ ಮೇಣ. ಅದರಲ್ಲಿರುವುದು ಮೇಣ ಮತ್ತು ಖನಿಜದ ಬಣ್ಣದ ಪುಡಿ. ಕಣಗಳು ದೊಡ್ಡವು, ಕೂದಲೊಳಗೆ ಹೋಗದೆ ಮೇಲೆ ಕೂರುತ್ತವೆ. ಅವು ಬೆಳಕನ್ನು ತಡೆಯುವುದರಿಂದಲೇ ಬ್ಲೀಚಿಲ್ಲದೆ ಕಪ್ಪಿನ ಮೇಲೂ ಕಾಣುತ್ತವೆ. ‘ಸೆಮಿ ಪರ್ಮನೆಂಟ್’ ಎಂಬ ನೇರ ಬಣ್ಣಗಳಿಗೆ ಪೆರಾಕ್ಸೈಡ್ ಬೇಡ, ಹಲವು ಸ್ನಾನಗಳಲ್ಲಿ ಮಾಸುತ್ತವೆ, ಆದರೆ ಕಪ್ಪು ಕೂದಲಲ್ಲಿ ಬಿಸಿಲಿಗೆ ಹಿಡಿದಾಗ ಒಂದು ಛಾಯೆ ಮಾತ್ರ. ಕಾಣಲೆಂದು ಬ್ಲೀಚ್ ಮಾಡಿಸಿದರೆ ಅದರ ಸೌಮ್ಯತೆಯೆಲ್ಲ ಹೋಯಿತು. ಸೀಮೆಸುಣ್ಣದಂಥ ಹೇರ್ ಚಾಕ್ ಅಗ್ಗ, ಆದರೆ ಉಜ್ಜಿ ಉಜ್ಜಿ ಹಚ್ಚುವುದರಿಂದ ಕೂದಲ ಮೇಲ್ಪದರ ಸವೆದು ಒರಟಾಗುತ್ತದೆ, ಒಂದು ಸಂಜೆಗೆ ಸಾಕು, ವಾರವಿಡೀ ಬೇಡ. ಸ್ಪ್ರೇ ಬೇಡವೇ ಬೇಡ: ಆಲ್ಕೊಹಾಲಿನಿಂದ ಕೂದಲು ಒಣಗುತ್ತದೆ, ಮಂಜು ಉಸಿರಿಗೆ ಹೋಗುತ್ತದೆ, ದೀಪದ ಹತ್ತಿರ ಬೆಂಕಿಯ ಭಯ.

ಹಚ್ಚುವ ಮೊದಲು ಕೂದಲಿಗೆ ಎಣ್ಣೆಯಿರಬಾರದು, ಮೇಣ ಜಾರುತ್ತದೆ. ಬೆಳಿಗ್ಗೆ ಶಾಂಪೂ ಹಾಕಿ ಕಂಡೀಷನರ್ ಹಚ್ಚಿ ತೊಳೆದು, ಪೂರ್ತಿ ಒಣಗಿಸಿ, ಸಿಕ್ಕು ಬಿಡಿಸಿಕೊಳ್ಳಬೇಕು, ಆಮೇಲೆ ಬಾಚಲಾಗದು. ಹಿಂದಿನ ದಿನವೇ ಮುಂಗೈಗೆ ಚುಕ್ಕೆ ಹಚ್ಚಿ ನೋಡಿರಬೇಕು, ಮೇಣದ ಸುಗಂಧಕ್ಕೂ ಅಲರ್ಜಿ ಉಂಟು. ಕೈಗವಸು ಹಾಕಿ, ಬೆರಳಗಲದ ಒಂದೊಂದೇ ಎಳೆಗೆ ಹುಣಸೆ ಬೀಜದಷ್ಟು ಮೇಣವನ್ನು ನೆತ್ತಿಯಿಂದ ಎರಡು ಬೆರಳು ಬಿಟ್ಟು ಕೆಳಕ್ಕೆ ಎಳೆಯಬೇಕು. ಒಣಗಿದ ಮೇಲೆ ಹೆಣೆದರೆ ಬಣ್ಣ ಬಟ್ಟೆಗೆ ಇಳಿಯುವುದು ಕಡಿಮೆ. ಬೇಸಿಗೆಯ ಬೆವರಿಗೂ ಹೆಲ್ಮೆಟ್ಟಿಗೂ ಅದು ಕರಗಿ ಕತ್ತಿಗೆ ಇಳಿಯುತ್ತದೆ ಎಂಬುದು ನೆನಪಿರಲಿ.

ತೊಳೆಯುವುದು ಆ ರಾತ್ರಿಯೇ. ಬೋರಿನ ಅಥವಾ ಟ್ಯಾಂಕರಿನ ಗಡಸು ನೀರಾದರೆ ಸೋಪು ಕೂದಲಿಗೆ ಬಿಳಿ ಜಿಡ್ಡಾಗಿ ಅಂಟುತ್ತದೆ, ಮೇಣ ಬಿಡುವುದಿಲ್ಲ. ಬೆಚ್ಚಗಿನ ನೀರು, ಶಾಂಪೂ ಎರಡು ಸಲ, ಕೊನೆಗೆ ಕಂಡೀಷನರ್. ಕೆರೆದು ಉಜ್ಜಬಾರದು. ತುದಿಗಳಲ್ಲಿ ಮಾತ್ರ ನೀಲಿ ಉಳಿದರೆ ಅಲ್ಲಿ ಹಿಂದೆ ಬ್ಲೀಚು, ಸ್ಟ್ರೇಟ್‌ನಿಂಗ್ ಆಗಿದೆ, ಇಲ್ಲವೇ ಕೂದಲು ಸೀಳಿದೆ ಎಂದರ್ಥ. ಅಂಥ ರಂಧ್ರಬಿದ್ದ ಕೂದಲು ಹೊರಗಿನ ಬಣ್ಣವನ್ನೂ ಹೀರುತ್ತದೆ, ಆ ತುದಿಗೆ ಮುಂದಿನ ಸಲ ಮೇಣ ಬೇಡ.

ಬಾಲನೆರೆಯ ಮಕ್ಕಳ ಮಾತು ಬೇರೆ. ಅವರಿಗೆ ಬೇಕಿರುವುದು ಅಲಂಕಾರವಲ್ಲ, ಶಾಲೆಯಲ್ಲಿ ಅಣಕಿಸಿಕೊಳ್ಳದಿರುವುದು, ಆ ನೋವು ಸಣ್ಣದಲ್ಲ. ನಾಲ್ಕಾರು ಬಿಳಿ ಎಳೆಗಳಿಗೆ ಮಸ್ಕಾರಾದಂಥ ಕುಂಚದ ಬಣ್ಣ ಸಾಕು, ಅದೂ ತೊಳೆದರೆ ಹೋಗುತ್ತದೆ. ಡೈ ಕೊಳ್ಳುವ ಮುಂಚೆ ವೈದ್ಯರಲ್ಲಿ ಬಿ12, ಕಬ್ಬಿಣ, ಥೈರಾಯ್ಡ್ ನೋಡಿಸಬೇಕು.

ಈಗಾಗಲೇ ಡೈ ಹಚ್ಚಿ ಕೆರೆತ ಶುರುವಾಗಿದ್ದರೆ ತಕ್ಷಣ ಸೌಮ್ಯ ಶಾಂಪೂ ಮತ್ತು ಬಹಳಷ್ಟು ನೀರಿನಲ್ಲಿ ತೊಳೆಯಿರಿ. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಗುಳ್ಳೆಗಳಷ್ಟೇ ಆದರೆ ಚರ್ಮರೋಗ ವೈದ್ಯರ ಬಳಿ, ಡೈಯ ಖಾಲಿ ಪೆಟ್ಟಿಗೆಯನ್ನೂ ಜೊತೆಗೆ ಒಯ್ಯಿರಿ. ಗುಳ್ಳೆ ಮಾಗಿದ ಮೇಲೆ ಅವರು ಶೇಕಡಾ 1ರ ಪಿಪಿಡಿಯನ್ನು ಬೆನ್ನಿಗೆ 48 ಗಂಟೆ ಅಂಟಿಸಿ ಪರೀಕ್ಷಿಸಬಲ್ಲರು. ಪಾಸಿಟಿವ್ ಬಂದರೆ ಆ ಚೀಟಿಯನ್ನು ಜೋಪಾನವಾಗಿಟ್ಟು, ಮುಂದೆ ಯಾವ ಪಾರ್ಲರಿಗೆ, ಯಾವ ದಂತವೈದ್ಯರ ಬಳಿಗೆ ಹೋದರೂ ಮೊದಲೇ ಹೇಳಬೇಕು.